ಟ್ರಾನ್ಸ್‌ಫಾರ್ಮರಿನಿಂದ ಮಹಡಿಯ ಡಿಬಿಯವರೆಗೆ: ಸಿಂಗಲ್ ಲೈನ್ ಡಯಾಗ್ರಾಂ ಓದುವ ಕ್ರಮ

ಕುಂಬಳೆಯಿಂದ ಉಪ್ಪಳದ ಕಡೆಗೆ ಹೆದ್ದಾರಿಯ ಬದಿಯಲ್ಲಿ ನಾವು ನೋಡುವಂಥ ಒಂದು ಕಟ್ಟಡವನ್ನು ಕಲ್ಪಿಸಿಕೊಳ್ಳಿ. ನೆಲಮಟ್ಟದಲ್ಲಿ ಅಂಗಡಿಗಳು, ಮೊದಲ ಮಹಡಿಯಲ್ಲಿ ಕ್ಲಿನಿಕ್ ಮತ್ತು ಕಚೇರಿಗಳು, ಎರಡನೇ ಮಹಡಿಯಲ್ಲಿ ಎಸಿ ಇರುವ ಸಭಾಂಗಣ. ಹಿತ್ತಿಲ ಕಡೆಯಲ್ಲಿ 250 ಕೆವಿಎ ಟ್ರಾನ್ಸ್‌ಫಾರ್ಮರ್, ಅದರ ಪಕ್ಕದಲ್ಲಿ 125 ಕೆವಿಎ ಡೀಸೆಲ್ ಜನರೇಟರ್. ಈ ಲೇಖನಕ್ಕಾಗಿ ನಾನೇ ರೂಪಿಸಿಕೊಂಡ ಕಟ್ಟಡವಿದು. ಅಂಕಿಗಳನ್ನು ಮಾತ್ರ ಇಂಥ ಕಟ್ಟಡಗಳಿಗೆ ಒಪ್ಪುವಂತೆ ಇಟ್ಟಿದ್ದೇನೆ. ಇದರ ಸಿಂಗಲ್ ಲೈನ್ ಡಯಾಗ್ರಾಂ, ಅಂದರೆ ಕರೆಂಟು ಹರಿಯುವ ದಾರಿಯನ್ನು ಒಂಟಿ ಗೆರೆಯಲ್ಲಿ ತೋರಿಸುವ ನಕ್ಷೆ, ನಿಮ್ಮ ಮೇಜಿನ ಮೇಲಿದೆ ಎಂದುಕೊಂಡು ಮೇಲಿನಿಂದ ಕೆಳಕ್ಕೆ, ಒಂದೇ ಒಂದು ದಾರಿಯಲ್ಲಿ ಓದಿಕೊಂಡು ಹೋಗೋಣ: ಕೇರಳದ ವಿದ್ಯುತ್ ಮಂಡಳಿಯಾದ ಕೆಎಸ್‌ಇಬಿಯ 11 ಕೆವಿ ಲೈನಿನಿಂದ ಸಭಾಂಗಣದ ಡಿಬಿಯವರೆಗೆ, ಅಂದರೆ ಆ ಮಹಡಿಯ ಸಣ್ಣ ಬ್ರೇಕರುಗಳಿರುವ ವಿತರಣಾ ಪೆಟ್ಟಿಗೆಯವರೆಗೆ.

ಇಡೀ ನಕ್ಷೆಯನ್ನು ಒಂದೇ ಬಾರಿಗೆ ಅರ್ಥ ಮಾಡಿಕೊಳ್ಳಲು ಹೊರಟವರು ಗೊಂದಲಕ್ಕೆ ಬೀಳುವುದೇ ಹೆಚ್ಚು. ಒಂದು ಫೀಡರನ್ನು, ಅಂದರೆ ಮುಖ್ಯ ಪ್ಯಾನೆಲಿನಿಂದ ಒಂದು ಕಡೆಗೆ ಹೋಗುವ ಕವಲನ್ನು, ತಲೆಯಿಂದ ಬುಡದವರೆಗೆ ಓದಲು ಬಂದರೆ ಉಳಿದವೆಲ್ಲ ಅದರದೇ ಪುನರಾವರ್ತನೆ. ದಾರಿಯಲ್ಲಿ ಸಿಗುವ ಪ್ರತಿಯೊಂದು ಚಿಹ್ನೆಯ ಮುಂದೆ ನಿಂತು ಮೂರು ಪ್ರಶ್ನೆ ಕೇಳಬೇಕು. ಎಲ್ಲವೂ ಸರಿಯಿದ್ದಾಗ ಇಲ್ಲಿ ಎಷ್ಟು ಕರೆಂಟು ಹರಿಯುತ್ತದೆ? ಮುಂದೆ ಎಲ್ಲೋ ಶಾರ್ಟ್ ಆದರೆ ಇಲ್ಲಿ ಎಷ್ಟು ಹರಿಯುತ್ತದೆ? ಆಗ ಯಾವುದು ಮೊದಲು ತೆರೆದುಕೊಳ್ಳಬೇಕು? ಚಿಹ್ನೆಯ ಪಕ್ಕದಲ್ಲಿ ಬರೆದಿರುವ ಅಂಕಿಗಳೆಲ್ಲ ಈ ಮೂರರಲ್ಲಿ ಒಂದಕ್ಕೆ ಉತ್ತರಗಳೇ.

ಗೆರೆ ಹಿಡಿಯುವ ಮೊದಲು

ನಕ್ಷೆಯ ಬಲ ಮೂಲೆಯಲ್ಲಿರುವ ಚೌಕಟ್ಟನ್ನು ಮೊದಲು ನೋಡಿ. ಪರಿಷ್ಕರಣೆಯ ಸಂಖ್ಯೆ ಮತ್ತು ದಿನಾಂಕ ಅಲ್ಲಿರುತ್ತದೆ. ಟೆಂಡರಿಗೆ ಮಾಡಿದ ನಕ್ಷೆ, ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟಿನ ಅನುಮೋದನೆಗೆ ಕೊಟ್ಟ ನಕ್ಷೆ, ಕೆಲಸ ಮುಗಿದ ಮೇಲೆ ಇದ್ದದ್ದನ್ನು ಇದ್ದಂತೆ ಬರೆದ ನಕ್ಷೆ, ಈ ಮೂರೂ ಒಂದೇ ಕಟ್ಟಡದವಾಗಿದ್ದರೂ ಒಳಗಿನ ಅಂಕಿ ಬೇರೆಯಾಗಿರಬಹುದು. ಕೈಯಲ್ಲಿರುವುದು ಯಾವುದು ಎಂದು ತಿಳಿಯದೆ ಮುಂದಿನ ಲೆಕ್ಕ ಮಾಡಿ ಪ್ರಯೋಜನವಿಲ್ಲ.

ಆಮೇಲೆ ಲೆಜೆಂಡ್, ಅಂದರೆ ಚಿಹ್ನೆಗಳ ಪಟ್ಟಿ. ಸ್ವಿಚ್ಚಿನ ಚಿಹ್ನೆಗಳು ಒಂದರಂತೆ ಒಂದು ಕಾಣುತ್ತವೆ, ಆದರೆ ಕೆಲಸ ತೀರಾ ಬೇರೆ. ಅಂತಾರಾಷ್ಟ್ರೀಯ ಪದ್ಧತಿಯಲ್ಲಿ ಓರೆಯಾಗಿ ತೆರೆದಿರುವ ಕಡ್ಡಿಯ ಎದುರಿನ ತುದಿಯಲ್ಲಿ ಸಣ್ಣ ಗುಣಿಸು ಗುರುತು ಇದ್ದರೆ ಅದು ಸರ್ಕ್ಯೂಟ್ ಬ್ರೇಕರ್. ಶಾರ್ಟ್ ಆದಾಗಲೂ ಕರೆಂಟನ್ನು ಕತ್ತರಿಸುವ ಶಕ್ತಿ ಅದಕ್ಕಿದೆ. ಅದೇ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಇದ್ದರೆ ಅದು ಐಸೊಲೇಟರ್. ಲೋಡ್ ಇಲ್ಲದಾಗ ಮಾತ್ರ ಅದನ್ನು ತೆರೆಯಬೇಕು. ಅಡ್ಡಗೆರೆಯ ಜೊತೆಗೆ ಸಣ್ಣ ವೃತ್ತವೂ ಇದ್ದರೆ ಲೋಡ್ ಬ್ರೇಕ್ ಸ್ವಿಚ್. ಅದು ಮಾಮೂಲಿ ಲೋಡನ್ನು ಕತ್ತರಿಸುತ್ತದೆ, ಶಾರ್ಟ್ ಸರ್ಕ್ಯೂಟನ್ನು ಕತ್ತರಿಸುವುದಿಲ್ಲ. ಉದ್ದುದ್ದಕ್ಕೆ ಗೆರೆ ಹಾದುಹೋಗುವ ಆಯತ ಎಂದರೆ ಫ್ಯೂಸ್. ಆದರೆ ಅಮೆರಿಕದ ಪದ್ಧತಿಯಲ್ಲಿ ಬರೆಯುವವರು ಬ್ರೇಕರಿಗೂ ಚೌಕ ಹಾಕುತ್ತಾರೆ. ಲೆಜೆಂಡ್ ನೋಡದೆ ಊಹಿಸಬಾರದು ಎನ್ನುವುದು ಇದಕ್ಕೇ. ಬ್ರೇಕರ್ ಎಂದು ತಿಳಿದು ಐಸೊಲೇಟರನ್ನು ಲೋಡಿನಲ್ಲಿ ಎಳೆದರೆ ಆರ್ಕ್ ಎದ್ದು ಮುಖ, ಕೈ ಸುಡುತ್ತದೆ.

ಇನ್ನೊಂದು ವಿಷಯ. ಒಂಟಿ ಗೆರೆ ಎಂದರೆ ಒಂಟಿ ವೈರ್ ಅಲ್ಲ. ಮೂರು ಫೇಸು, ಅಗತ್ಯವಿದ್ದಲ್ಲಿ ನ್ಯೂಟ್ರಲ್, ಎಲ್ಲವನ್ನೂ ಆ ಒಂದೇ ಗೆರೆ ಪ್ರತಿನಿಧಿಸುತ್ತದೆ. ಗೆರೆಯ ಮೇಲೆ ಓರೆಯಾಗಿ ಎಳೆದ ಸಣ್ಣ ಗೀಟುಗಳು ವಾಹಕಗಳು ಎಷ್ಟು ಎಂದು ಹೇಳುತ್ತವೆ. ಹಾಗೆಯೇ ಈ ನಕ್ಷೆಗೆ ಅಳತೆಯ ಪ್ರಮಾಣ ಇಲ್ಲ. ಕಾಗದದ ಮೇಲೆ ಎರಡು ಇಂಚು ಇರುವ ಗೆರೆ ಕಟ್ಟಡದಲ್ಲಿ ಅರುವತ್ತು ಮೀಟರ್ ಇರಬಹುದು. ಆ ಉದ್ದ ಎಷ್ಟು ಮುಖ್ಯ ಎನ್ನುವುದು ಮುಂದೆ ಬರುತ್ತದೆ.

11 ಕೆವಿ ಬದಿ ಮತ್ತು ಟ್ರಾನ್ಸ್‌ಫಾರ್ಮರ್

ಮೇಲ್ತುದಿಯಲ್ಲಿ ಕೆಎಸ್‌ಇಬಿಯಿಂದ ಬರುವ ಲೈನ್, ಅದರಿಂದ ಕವಲೊಡೆದು ನೆಲಕ್ಕೆ ಇಳಿಯುವ ಲೈಟ್ನಿಂಗ್ ಅರೆಸ್ಟರ್, ನಂತರ ಎಬಿ ಸ್ವಿಚ್ ಅಥವಾ ಬ್ರೇಕರ್, ಬಳಿಕ ಕರೆಂಟನ್ನೂ ವೋಲ್ಟೇಜನ್ನೂ ಮೀಟರಿಗೆ ತಕ್ಕಷ್ಟು ಇಳಿಸಿ ಕೊಡುವ ಸಿಟಿ ಮತ್ತು ಪಿಟಿ. ಮೀಟರ್ ಮುಗಿದಲ್ಲಿಂದ ಗ್ರಾಹಕನ ಜವಾಬ್ದಾರಿ ಶುರು. ಚೆನ್ನಾಗಿ ಬರೆದ ನಕ್ಷೆಯಲ್ಲಿ ಆ ಗಡಿಯನ್ನು ತುಂಡು ಗೆರೆಯಿಂದ ತೋರಿಸಿರುತ್ತಾರೆ.

ಒಂದರೊಳಗೊಂದು ಅರ್ಧ ಸೇರಿದ ಎರಡು ವೃತ್ತಗಳೇ ಟ್ರಾನ್ಸ್‌ಫಾರ್ಮರ್. ಪಕ್ಕದಲ್ಲಿ ಹೀಗೆ ಬರೆದಿದೆ: 250 ಕೆವಿಎ, 11 ಕೆವಿ / 433 ವೋಲ್ಟ್, ಡಿ-ವೈ-ಎನ್-11, ಇಂಪಿಡೆನ್ಸ್ 4.5%. ನಕ್ಷೆಯಲ್ಲಿ ಇದಕ್ಕಿಂತ ಹೆಚ್ಚು ಮಾಹಿತಿ ಕೊಡುವ ಸಾಲು ಮತ್ತೊಂದಿಲ್ಲ. ಕೆಳಗಿನ ಎಲ್ಲ ಲೆಕ್ಕಗಳೂ ಇಲ್ಲಿಂದ ಹೊರಡುತ್ತವೆ.

433 ಎನ್ನುವುದು ಲೋಡ್ ಇಲ್ಲದಾಗಿನ ವೋಲ್ಟೇಜ್. ಲೋಡ್ ಬಂದಾಗ ಟ್ರಾನ್ಸ್‌ಫಾರ್ಮರಿನಲ್ಲೂ ಕೇಬಲಿನಲ್ಲೂ ಸ್ವಲ್ಪ ಇಳಿದು ಉಪಕರಣದ ಬಾಯಿಯಲ್ಲಿ 415ರ ಆಸುಪಾಸು ಸಿಗಲಿ ಎಂದು ಮೊದಲೇ ಹೆಚ್ಚು ಇಟ್ಟಿರುತ್ತಾರೆ. ಡಿ ಎಂದರೆ 11 ಕೆವಿ ಬದಿ ಡೆಲ್ಟಾ, ವೈ ಎಂದರೆ ಕೆಳಬದಿ ಸ್ಟಾರ್, ಎನ್ ಎಂದರೆ ಸ್ಟಾರಿನ ನಡುಬಿಂದು ನ್ಯೂಟ್ರಲ್ ಆಗಿ ಹೊರಗೆ ಬಂದಿದೆ. 11 ಎಂಬುದು ಗಡಿಯಾರದ ಹನ್ನೊಂದು ಗಂಟೆ: ಕೆಳಬದಿಯ ವೋಲ್ಟೇಜ್ ಮೇಲ್ಬದಿಗಿಂತ 30 ಡಿಗ್ರಿ ಮುಂದಿದೆ. ಒಂದೇ ಟ್ರಾನ್ಸ್‌ಫಾರ್ಮರ್ ಇರುವ ನಮ್ಮ ಕಟ್ಟಡದಲ್ಲಿ ಈ ಕೊನೆಯ ಅಂಕಿಯಿಂದ ದಿನನಿತ್ಯ ತೊಂದರೆಯಿಲ್ಲ. ಎರಡನ್ನು ಸಮಾಂತರವಾಗಿ ಜೋಡಿಸಲು ಹೊರಟಾಗ ಅದು ಹೊಂದದಿದ್ದರೆ ಜೋಡಿಸಿದ ಕ್ಷಣದಲ್ಲೇ ಭಾರೀ ಕರೆಂಟು ಸುತ್ತಲು ಆರಂಭಿಸುತ್ತದೆ.

ಈಗ ಮೊದಲ ಪ್ರಶ್ನೆ. ಪೂರ್ಣ ಲೋಡಿನಲ್ಲಿ ಎಷ್ಟು ಕರೆಂಟು?

```
I = kVA × 1000 / (√3 × V)
I = 250 × 1000 / (1.732 × 433) ≈ 333 A
```

ಮೇಲ್ಬದಿಯಲ್ಲಿ ವೋಲ್ಟೇಜ್ 11,000 ಆದ್ದರಿಂದ ಅದೇ ಸೂತ್ರ ಸುಮಾರು 13 ಆಂಪಿಯರ್ ಕೊಡುತ್ತದೆ. ಮೀಟರಿಂಗ್ ಸಿಟಿಯ ಪಕ್ಕದಲ್ಲಿ 15/5 ಎಂದು ಬರೆದಿರುವುದು ಏಕೆ ಎಂದು ಈಗ ತಿಳಿಯಿತು. ಮೂಲದ ಲೈನಿನಲ್ಲಿ 15 ಆಂಪಿಯರ್ ಹರಿದರೆ ಮೀಟರಿಗೆ 5 ಆಂಪಿಯರ್ ಹೋಗುತ್ತದೆ, ಪೂರ್ಣ ಲೋಡು ಅದರೊಳಗೆ ಬರುತ್ತದೆ.

ಎರಡನೇ ಪ್ರಶ್ನೆಗೆ ಉತ್ತರ 4.5% ಎಂಬ ಅಂಕಿಯಲ್ಲಿದೆ. ಟ್ರಾನ್ಸ್‌ಫಾರ್ಮರಿನ ಕೆಳಬದಿಯ ತುದಿಗಳನ್ನು ಶಾರ್ಟ್ ಮಾಡಿ, ಪೂರ್ಣ ಲೋಡ್ ಕರೆಂಟು ಹರಿಯಲು ಮೇಲ್ಬದಿಗೆ ಎಷ್ಟು ವೋಲ್ಟೇಜ್ ಕೊಡಬೇಕಾಗುತ್ತದೋ ಅದರ ಶೇಕಡಾವಾರು ಲೆಕ್ಕ ಅದು. ನೂರಕ್ಕೆ 4.5 ಭಾಗ ಕೊಟ್ಟರೆ 333 ಆಂಪಿಯರ್ ಹರಿಯುವುದಾದರೆ, ಪೂರ್ತಿ ಕೊಟ್ಟರೆ ಎಷ್ಟು?

```
Isc = 333 / 0.045 ≈ 7400 A = 7.4 kA
```

ಈ 7.4 ಕಿಲೋ ಆಂಪಿಯರನ್ನು ನಕ್ಷೆಯ ಮೇಲೆ, ಟ್ರಾನ್ಸ್‌ಫಾರ್ಮರಿನ ಕೆಳಗೆ, ಪೆನ್ಸಿಲಿನಲ್ಲಿ ಬರೆದಿಡಿ. 11 ಕೆವಿ ಲೈನ್ ಅಪರಿಮಿತ ಬಲದ್ದು ಎಂದು ಹಿಡಿದು ಮಾಡಿದ ಲೆಕ್ಕವಿದು. ನಿಜದ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆ ಇರುತ್ತದೆ, ಆದ್ದರಿಂದ ಬ್ರೇಕರಿನ ಶಕ್ತಿ ಪರೀಕ್ಷಿಸಲು ಇದು ಸುರಕ್ಷಿತ ಬದಿಯ ಅಂಕಿ.

ಮುಖ್ಯ ಬ್ರೇಕರ್: ಒಂದೇ ಸಾಲಿನಲ್ಲಿ ಮೂರು ಮಾತು

ಟ್ರಾನ್ಸ್‌ಫಾರ್ಮರಿನ ಕೆಳಗೆ ಮುಖ್ಯ ಪ್ಯಾನೆಲಿನ ಒಳಬರುವ ಬ್ರೇಕರ್: ಎಂಸಿಸಿಬಿ, 4 ಪೋಲ್, 400 ಆಂಪಿಯರ್, 36 ಕಿಲೋ ಆಂಪಿಯರ್. ಮೂರು ಫೇಸಿನ ಜೊತೆ ನ್ಯೂಟ್ರಲನ್ನೂ ಕತ್ತರಿಸುತ್ತದೆ ಎಂಬುದು ಮೊದಲ ಮಾತು. 400 ಎನ್ನುವುದು ಸದಾ ಹೊರಬಲ್ಲ ಕರೆಂಟು. 36 ಕಿಲೋ ಆಂಪಿಯರ್ ಎನ್ನುವುದು ಶಾರ್ಟ್ ಆದಾಗ ತಾನು ಸಿಡಿಯದೆ ಕತ್ತರಿಸಬಲ್ಲ ಮಿತಿ. ಇಲ್ಲಿ ಬರಬಹುದಾದದ್ದು 7.4, ತಾಳಬಲ್ಲದ್ದು 36. ಇಷ್ಟು ಸಾಕು.

400ರ ಬಗ್ಗೆ ಮಾತ್ರ ಇನ್ನೊಂದು ಪ್ರಶ್ನೆ ಕೇಳಬೇಕು. ಟ್ರಾನ್ಸ್‌ಫಾರ್ಮರಿನ ಪೂರ್ಣ ಲೋಡ್ 333. ಬ್ರೇಕರಿನ ಓವರ್‌ಲೋಡ್ ಡಯಲನ್ನು ಗರಿಷ್ಠದಲ್ಲಿ, ಅಂದರೆ 400ರಲ್ಲೇ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚು ಲೋಡನ್ನು ಗಂಟೆಗಟ್ಟಲೆ ಹೊತ್ತರೂ ಬ್ರೇಕರ್ ಸುಮ್ಮನೆ ಇರುತ್ತದೆ. ಮದುವೆಯ ಕಾಲ, ಏಪ್ರಿಲ್ ಮೇ ಬಿಸಿಲು, ಎಲ್ಲ ಎಸಿಯೂ ಓಡುತ್ತಿರುವಾಗ ಇದು ನಡೆಯುವುದೇ. ಡಯಲನ್ನು 0.8ಕ್ಕೋ 0.85ಕ್ಕೋ ಇಟ್ಟರೆ ಮಿತಿ 320 ಅಥವಾ 340 ಆಗುತ್ತದೆ. ನಕ್ಷೆಯಲ್ಲಿ ಬ್ರೇಕರಿನ ಗಾತ್ರ ಮಾತ್ರ ಬರೆದು ಸೆಟ್ಟಿಂಗ್ ಬರೆಯದಿದ್ದರೆ ಆ ನಕ್ಷೆ ಅರ್ಧವೇ ಹೇಳಿದೆ ಎಂದು ನಾನು ಭಾವಿಸುತ್ತೇನೆ. ನಿಮ್ಮ ಕೈಗೆ ಬರುವ ಬಹುಪಾಲು ನಕ್ಷೆಗಳಲ್ಲಿ ಈ ಜಾಗ ಖಾಲಿ ಇರುತ್ತದೆ. ಕೇಳಿ ಬರೆಸಿಕೊಳ್ಳಿ.

ಬ್ರೇಕರಿನ ಕೆಳಗಿನ ದಪ್ಪ ಅಡ್ಡಗೆರೆ ಬಸ್‌ಬಾರ್. ಅಲ್ಲಿಂದ ಕೆಳಗಿಳಿಯುವ ಪ್ರತಿಯೊಂದು ಕವಲು ಒಂದೊಂದು ಫೀಡರ್. ಬಸ್‌ಬಾರಿಗೆ ಸಮೀಪ ಇದ್ದಷ್ಟೂ ಶಾರ್ಟ್ ಕರೆಂಟಿನ ಪೂರ್ತಿ ಹೊಡೆತ. ಪ್ಯಾನೆಲ್ ಕೋಣೆಯ ದೀಪಕ್ಕೆಂದು ಯಾರೋ ಬಸ್‌ಬಾರಿನಿಂದಲೇ ನೇರವಾಗಿ 6 ಕಿಲೋ ಆಂಪಿಯರಿನ ಎಂಸಿಬಿ, ಅಂದರೆ ಡಿಬಿಗಳಲ್ಲಿರುವಂಥ ಸಣ್ಣ ಬ್ರೇಕರ್, ತೆಗೆದಿದ್ದರೆ ಅದನ್ನು ಗುರುತು ಹಾಕಿ. ಅಲ್ಲಿ 7.4 ಬರಬಹುದು. ಹತ್ತು ವಾಟಿನ ದೀಪದ ಸಾಲಾದರೂ ಆ ಎಂಸಿಬಿ ಎದುರಿಸಬೇಕಾದದ್ದು ಟ್ರಾನ್ಸ್‌ಫಾರ್ಮರಿನ ಪೂರ್ತಿ ಬಲವನ್ನು.

ಇದೇ ಕಾರಣಕ್ಕೆ ಟ್ರಾನ್ಸ್‌ಫಾರ್ಮರನ್ನು ದೊಡ್ಡದು ಮಾಡಿದಾಗ ಇಡೀ ನಕ್ಷೆಯನ್ನು ಮತ್ತೊಮ್ಮೆ ಓದಬೇಕಾಗುತ್ತದೆ. ಕಟ್ಟಡ ಬೆಳೆದು 250ರ ಜಾಗಕ್ಕೆ ಅದೇ ಇಂಪಿಡೆನ್ಸಿನ 500 ಕೆವಿಎ ಬಂದರೆ ಬಸ್‌ಬಾರಿನ ಶಾರ್ಟ್ ಕರೆಂಟು 14.8 ಕಿಲೋ ಆಂಪಿಯರಿಗೆ ಏರುತ್ತದೆ. ಮುಖ್ಯ ಪ್ಯಾನೆಲಿನಲ್ಲಿ ನಿನ್ನೆಯವರೆಗೆ ಸರಿಯಿದ್ದ 10 ಕಿಲೋ ಆಂಪಿಯರಿನ ಬ್ರೇಕರುಗಳು, ಒಂದು ತಂತಿಯನ್ನೂ ಮುಟ್ಟದಿದ್ದರೂ, ಅಂದಿನಿಂದ ಸಾಲದಾಗುತ್ತವೆ.

ಸಭಾಂಗಣದ ಫೀಡರ್: ನಿಂತು ಲೆಕ್ಕ ಹಾಕಬೇಕಾದ ಜಾಗ

ಎರಡನೇ ಮಹಡಿಗೆ ಹೋಗುವ ಕವಲಿನ ಮೇಲೆ ಹೀಗಿದೆ: ಎಂಸಿಸಿಬಿ 4 ಪೋಲ್ 125 ಆಂಪಿಯರ್ 25 ಕಿಲೋ ಆಂಪಿಯರ್. ಕೇಬಲ್ 3.5 ಕೋರ್, 35 ಚದರ ಮಿಲಿಮೀಟರ್, ಎ-2ಎಕ್ಸ್-ಎಫ್-ವೈ. ಕನೆಕ್ಟೆಡ್ ಲೋಡ್ 60 ಕಿಲೋವ್ಯಾಟ್, ಡಿಮಾಂಡ್ ಫ್ಯಾಕ್ಟರ್ 0.8.

ಕೇಬಲಿನ ಅಕ್ಷರಗಳನ್ನು ಬಿಡಿಸೋಣ. ಎ ಎಂದರೆ ಅಲ್ಯೂಮಿನಿಯಂ, 2ಎಕ್ಸ್ ಎಂದರೆ ಎಕ್ಸ್‌ಎಲ್‌ಪಿಇ ನಿರೋಧಕ, ಎಫ್ ಎಂದರೆ ಚಪ್ಪಟೆ ಉಕ್ಕಿನ ಪಟ್ಟಿಯ ಕವಚ, ವೈ ಎಂದರೆ ಹೊರಗಿನ ಪಿವಿಸಿ ಹೊದಿಕೆ. ಮೂರೂವರೆ ಕೋರ್ ಎಂದರೆ ಮೂರು ಫೇಸಿಗೆ ಪೂರ್ಣ ಗಾತ್ರ, ನ್ಯೂಟ್ರಲಿಗೆ ಸುಮಾರು ಅರ್ಧ ಗಾತ್ರ. ಎಲ್‌ಇಡಿ ದೀಪ, ಇನ್ವರ್ಟರ್ ಎಸಿ, ಕಂಪ್ಯೂಟರು ಹೆಚ್ಚಿರುವ ಮಹಡಿಯಲ್ಲಿ ಈ ಅರ್ಧ ನ್ಯೂಟ್ರಲಿನ ಮೇಲೆ ಕಣ್ಣಿಡಿ. ಅವುಗಳ ಮೂರನೇ ಹಾರ್ಮೋನಿಕ್ ಕರೆಂಟು ಮೂರು ಫೇಸುಗಳಲ್ಲಿ ಒಂದನ್ನೊಂದು ಅಳಿಸಿಕೊಳ್ಳದೆ ನ್ಯೂಟ್ರಲಿನಲ್ಲಿ ಕೂಡಿಕೊಳ್ಳುತ್ತದೆ. ಅಂಥಲ್ಲಿ ನಾಲ್ಕು ಪೂರ್ಣ ಕೋರ್ ಇರುವ ಕೇಬಲ್ ಕೇಳುವುದು ನ್ಯಾಯ.

ಈಗ ಲೋಡ್. ಎಲ್ಲ ಉಪಕರಣಗಳೂ ಒಟ್ಟಿಗೆ ಓಡುವುದಿಲ್ಲ ಎಂದು ಡಿಮಾಂಡ್ ಫ್ಯಾಕ್ಟರಿನಿಂದ ಗುಣಿಸುತ್ತೇವೆ: 60ರ 0.8 ಭಾಗ ಎಂದರೆ 48 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ 0.9 ಎಂದು ಹಿಡಿದರೆ 53.3 ಕೆವಿಎ.

```
Ib = 53.3 × 1000 / (1.732 × 415) ≈ 74 A
```

125ರ ಬ್ರೇಕರಿನಲ್ಲಿ 74 ಆಂಪಿಯರ್. ನೋಡಿದವರು ಧಾರಾಳವಾಗಿದೆ ಎಂದುಕೊಂಡು ಮುಂದೆ ಹೋಗುತ್ತಾರೆ. ಆದರೆ ಬ್ರೇಕರ್ ಕಾಯಬೇಕಾದದ್ದು ಕೇಬಲನ್ನು. ಕೇಬಲ್ ಎಷ್ಟು ತಾಳುತ್ತದೆ ಎಂದು ನೋಡಬೇಕು. 35 ಚದರ ಮಿಲಿಮೀಟರಿನ ಈ ಕೇಬಲ್ ಗಾಳಿಯಲ್ಲಿ ಒಂಟಿಯಾಗಿ ಮಲಗಿದ್ದರೆ ತಯಾರಕರ ಕೋಷ್ಟಕದ ಪ್ರಕಾರ ಸುಮಾರು 115 ಆಂಪಿಯರ್ ಹೊರುತ್ತದೆ. ನಮ್ಮ ಕಟ್ಟಡದಲ್ಲಿ ಅದು ಒಂಟಿಯಲ್ಲ. ಶಾಫ್ಟಿನೊಳಗೆ ಬೇರೆ ಮಹಡಿಗಳ ಕೇಬಲುಗಳಿಗೆ ಒತ್ತಿಕೊಂಡು ಮೇಲೇರುತ್ತದೆ, ಒಂದರ ಬಿಸಿ ಇನ್ನೊಂದಕ್ಕೆ ತಗಲುತ್ತದೆ. ಅದಕ್ಕಾಗಿ 0.8ರಿಂದ ಗುಣಿಸಿದರೆ ಉಳಿಯುವುದು 92.

ಸಾಲಾಗಿ ಬರೆದರೆ ತಪ್ಪು ತಾನಾಗಿ ಎದ್ದು ಕಾಣುತ್ತದೆ.

```
Ib ≤ In ≤ Iz
74 ≤ 125 ≤ 92   ✗
```

ಲೋಡ್ ಕರೆಂಟಿಗಿಂತ ಬ್ರೇಕರ್ ದೊಡ್ಡದಿರಬೇಕು, ಬ್ರೇಕರಿಗಿಂತ ಕೇಬಲಿನ ಸಾಮರ್ಥ್ಯ ದೊಡ್ಡದಿರಬೇಕು. ಇಲ್ಲಿ ಎರಡನೆಯದು ಮುರಿದಿದೆ. ಇವತ್ತು 74 ಆಂಪಿಯರೇ ಹರಿಯುವುದರಿಂದ ಏನೂ ಆಗುವುದಿಲ್ಲ. ಮುಂದೆ ಸಭಾಂಗಣದ ಪಕ್ಕದಲ್ಲಿ ಅಡುಗೆಕೋಣೆ ಸೇರಿ, ಇನ್ನೆರಡು ದೊಡ್ಡ ಎಸಿ ಬಂದು, ಕರೆಂಟು 110ಕ್ಕೆ ಏರಿದ ದಿನ ಬ್ರೇಕರ್ ಅದನ್ನು ತನ್ನ ಮಿತಿಯೊಳಗಿನದು ಎಂದೇ ಕಾಣುತ್ತದೆ. ಟ್ರಿಪ್ ಆಗದೆ ಇರುವುದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಶಾಫ್ಟಿನೊಳಗಿನ ಕೇಬಲ್ ಮಾತ್ರ ದಿನವೂ ಬಿಸಿಯಾಗಿ ನಿರೋಧಕ ಗಡುಸಾಗುತ್ತಾ ಹೋಗುತ್ತದೆ. ಹೊರಗಿನಿಂದ ಕಾಣುವ ಮೊದಲ ಲಕ್ಷಣ ಹೆಚ್ಚಾಗಿ ಲಗ್ ಕೂಡಿಸಿದ ಜಾಗದಲ್ಲಿ: ಬಣ್ಣಗೆಟ್ಟ ಸ್ಲೀವ್, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

ಸರಿಪಡಿಸಲು ಎರಡು ದಾರಿ. ಕೇಬಲ್ ಈಗಾಗಲೇ ಎಳೆದಾಗಿದ್ದರೆ, ಎಂಸಿಸಿಬಿಗೆ ಓವರ್‌ಲೋಡ್ ಡಯಲ್ ಇದೆಯೇ ನೋಡಿ. ಅದನ್ನು 0.7ಕ್ಕೆ ಇಟ್ಟರೆ 125ರ ಬ್ರೇಕರ್ 87.5 ಆಂಪಿಯರಿನದಾಗುತ್ತದೆ. 74, 87.5, 92 ಎಂದು ಸಾಲು ಸರಿಯಾಗಿ ಕೂರುತ್ತದೆ. ಆ ಸೆಟ್ಟಿಂಗನ್ನು ನಕ್ಷೆಯಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಮದುವೆಯ ದಿನ ಒಮ್ಮೆ ಟ್ರಿಪ್ ಆದಾಗ ಯಾರಾದರೂ ಡಯಲನ್ನು ಕೊನೆಗೆ ತಿರುಗಿಸಿಬಿಡುತ್ತಾರೆ. ಡಯಲ್ ಇಲ್ಲದ ಬ್ರೇಕರ್ ಆಗಿದ್ದರೆ, ಅಥವಾ ಮಹಡಿಯ ಲೋಡ್ ಬೆಳೆಯುವುದು ಖಚಿತವಾಗಿದ್ದರೆ, ಕೇಬಲನ್ನೇ 70 ಚದರ ಮಿಲಿಮೀಟರಿಗೆ ಬದಲಿಸಬೇಕು. ಕೇಬಲ್ ಎಳೆಯುವ ಮೊದಲೇ ನಕ್ಷೆ ಓದಿದರೆ ಎರಡನೆಯದೇ ಒಳ್ಳೆಯದು, ಏಕೆಂದರೆ ಶಾಫ್ಟ್ ಮುಚ್ಚಿದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕಾಗುತ್ತದೆ.

ನಕ್ಷೆಯಲ್ಲಿ ಇಲ್ಲದ ಉದ್ದ

ಪ್ಯಾನೆಲಿನಿಂದ ಸಭಾಂಗಣದ ಡಿಬಿಗೆ ಕೇಬಲಿನ ಉದ್ದ 60 ಮೀಟರ್ ಎಂದು ಸೈಟಿನಲ್ಲಿ ಅಳೆದು ತಂದಿದ್ದೇವೆ ಎನ್ನೋಣ. ಈ ಒಂದು ಅಂಕಿ ಎರಡು ವಿಷಯ ಹೇಳುತ್ತದೆ. 35 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಬಿಸಿಯಾಗಿರುವಾಗ ಕಿಲೋಮೀಟರಿಗೆ ಸುಮಾರು 1.1 ಓಮ್ ರೋಧ ತೋರುತ್ತದೆ. 74 ಆಂಪಿಯರಿಗೆ ಲೆಕ್ಕ ಹಾಕಿದರೆ 60 ಮೀಟರಿನಲ್ಲಿ ಎಂಟು ವೋಲ್ಟಿನಷ್ಟು ಇಳಿಯುತ್ತದೆ, 415ರಲ್ಲಿ ಹತ್ತಿರಹತ್ತಿರ 2%. ಫೀಡರಿಗೆ ಇದು ಒಪ್ಪುವಂಥದ್ದು.

ಎರಡನೆಯದು ಶಾರ್ಟ್ ಕರೆಂಟು. ಕೇಬಲಿನ ರೋಧ ಟ್ರಾನ್ಸ್‌ಫಾರ್ಮರಿನ ಇಂಪಿಡೆನ್ಸಿಗೆ ಸೇರಿಕೊಳ್ಳುವುದರಿಂದ ಬಸ್‌ಬಾರಿನಲ್ಲಿ 7.4 ಇದ್ದದ್ದು ಡಿಬಿಯ ಬಾಯಿಗೆ ಬರುವಾಗ ಸುಮಾರು 3.5 ಕಿಲೋ ಆಂಪಿಯರಿಗೆ ಇಳಿದಿರುತ್ತದೆ. ಡಿಬಿಯೊಳಗೆ 10 ಕಿಲೋ ಆಂಪಿಯರಿನ ಎಂಸಿಬಿ ಬರೆದಿದ್ದರೆ ಧಾರಾಳ. ಮುಖ್ಯ ಪ್ಯಾನೆಲಿನಲ್ಲಿ ಸಾಲದ 6 ಕಿಲೋ ಆಂಪಿಯರಿನದೂ ಇಲ್ಲಿ ಸಾಕಾಗುತ್ತದೆ. ಒಂದೇ ಎಂಸಿಬಿ ಒಂದು ಜಾಗದಲ್ಲಿ ಅಪಾಯಕಾರಿ, ಇನ್ನೊಂದು ಜಾಗದಲ್ಲಿ ಸುರಕ್ಷಿತ. ವ್ಯತ್ಯಾಸ ನಡುವಿನ ಕೇಬಲಿನದು.

ಡಿಬಿಯ ಸಾಲುಗಳಲ್ಲಿ ಸಿ-32 ಎಂದಿದ್ದರೆ 32 ಆಂಪಿಯರ್, ಸಿ ಕರ್ವ್: ಐದರಿಂದ ಹತ್ತು ಪಟ್ಟು ಕರೆಂಟು ಬಂದಾಗ ತಕ್ಷಣ ತೆರೆಯುವಂಥದ್ದು. ಅದರ ಮೇಲೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬರೆದಿದ್ದರೆ ಅದು ಮನುಷ್ಯನನ್ನು ಕಾಯಲು. ಆರ್‌ಸಿಸಿಬಿ ಸೋರಿಕೆಯನ್ನಷ್ಟೇ ನೋಡುತ್ತದೆ, ಓವರ್‌ಲೋಡನ್ನಲ್ಲ. ಅದಕ್ಕೆ ಜೊತೆಗಾರನಾಗಿ ಎಂಸಿಬಿ ಇದೆಯೇ ಎಂದು ನೋಡಿಕೊಳ್ಳಿ.

ಅದೇ ದಾರಿ, ಜನರೇಟರಿನಿಂದ

ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಆಗ ಕಟ್ಟಡ ಜನರೇಟರಿನ ಮೇಲೆ ಓಡುತ್ತದೆ. ನಕ್ಷೆಯಲ್ಲಿ ಜಿ ಎಂದು ಬರೆದ ವೃತ್ತ, 125 ಕೆವಿಎ, 415 ವೋಲ್ಟ್. ಅದೇ ಸೂತ್ರದಿಂದ 174 ಆಂಪಿಯರ್. ಎಲ್ಲ ಮಹಡಿಗೂ ಸಾಲದು ಎಂದು ತಿಳಿಯುವುದು ಸುಲಭ, ಯಾವ ಫೀಡರುಗಳು ಜನರೇಟರಿನ ಮೇಲಿವೆ ಎಂದು ನಕ್ಷೆಯೇ ತೋರಿಸುತ್ತದೆ. ನಮ್ಮ ಸಭಾಂಗಣ ಅದರಲ್ಲಿದೆ.

ಮೊದಲು ಚೇಂಜ್‌ಓವರ್ ನೋಡಿ. ಎರಡು ಬ್ರೇಕರುಗಳ ನಡುವೆ ತುಂಡು ಗೆರೆ ಇದ್ದರೆ ಅದು ಇಂಟರ್‌ಲಾಕ್: ಒಂದು ಮುಚ್ಚಿರುವಾಗ ಇನ್ನೊಂದು ಮುಚ್ಚದು. ಆ ತುಂಡು ಗೆರೆ ಇಲ್ಲದ ನಕ್ಷೆಗೆ ಸಹಿ ಹಾಕಬೇಡಿ. ಜನರೇಟರಿನ 415 ವೋಲ್ಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರಿಗೆ ಹೊಕ್ಕರೆ ಅದರ ಮೇಲ್ಬದಿಯಲ್ಲಿ 11 ಕೆವಿಯ ಆಸುಪಾಸು ಎದ್ದುಬಿಡುತ್ತದೆ. ಲೈನ್ ಸತ್ತಿದೆ ಎಂದು ಕಂಬ ಹತ್ತಿದ ಲೈನ್‌ಮನ್ ಅಲ್ಲಿರುತ್ತಾನೆ. ಚೇಂಜ್‌ಓವರ್ 4 ಪೋಲಿನದಾಗಿರಬೇಕು ಎಂಬುದೂ ಮುಖ್ಯ. ಜನರೇಟರಿನ ನ್ಯೂಟ್ರಲ್ ತನ್ನದೇ ಅರ್ತಿಗೆ ಸೇರಿರುತ್ತದೆ. ಎರಡು ಮೂಲಗಳ ನ್ಯೂಟ್ರಲುಗಳು ಕೂಡಿಕೊಂಡೇ ಇದ್ದರೆ ಮರಳುವ ಕರೆಂಟು ಎರಡು ದಾರಿಗೆ ಒಡೆದು ಅರ್ತ್ ಫಾಲ್ಟ್ ರಕ್ಷಣೆ ಸುಮ್ಮಸುಮ್ಮನೆ ಟ್ರಿಪ್ ಆಗುತ್ತದೆ, ಇಲ್ಲವೇ ಬೇಕಾದಾಗ ಆಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಅನೇಕರು ನೋಡುವುದೇ ಇಲ್ಲ. ಜನರೇಟರಿನ ಶಾರ್ಟ್ ಕರೆಂಟು ತೀರಾ ಕಡಿಮೆ. ಅದರ ಸಬ್‌ಟ್ರಾನ್ಸಿಯೆಂಟ್ ರಿಯಾಕ್ಟೆನ್ಸ್, ಅಂದರೆ ಶಾರ್ಟ್ ಆದ ಮೊದಲ ಕ್ಷಣದಲ್ಲಿ ಅದು ಒಳಗೇ ಒಡ್ಡುವ ತಡೆ, 15% ಎಂದು ಹಿಡಿಯಿರಿ.

```
174 / 0.15 ≈ 1160 A
```

ಸಭಾಂಗಣದ ಡಿಬಿಯವರೆಗಿನ ಕೇಬಲನ್ನೂ ಸೇರಿಸಿದರೆ ಸುಮಾರು 1100. ಅದೂ ಮೊದಲ ಕ್ಷಣದಲ್ಲಿ, ಆಮೇಲೆ ವೇಗವಾಗಿ ಕುಸಿಯುತ್ತದೆ. ನಮ್ಮ 125 ಆಂಪಿಯರ್ ಎಂಸಿಸಿಬಿಯ ತಕ್ಷಣದ ಟ್ರಿಪ್ ಹತ್ತು ಪಟ್ಟಿಗೆ, ಅಂದರೆ 1250ಕ್ಕೆ ಇಟ್ಟಿದ್ದರೆ? ಕೆಎಸ್‌ಇಬಿ ಕರೆಂಟಿನಲ್ಲಿ 3.5 ಕಿಲೋ ಆಂಪಿಯರ್ ಬಂದು ತಕ್ಷಣ ಬಿಟ್ಟುಕೊಳ್ಳುತ್ತಿದ್ದ ಬ್ರೇಕರ್, ಜನರೇಟರಿನಲ್ಲಿ ಅದೇ ಫಾಲ್ಟಿಗೆ ತಕ್ಷಣ ತೆರೆಯುವುದೇ ಇಲ್ಲ. ಬಿಸಿಯಾಗಿ ತೆರೆಯಲು ಸೆಕೆಂಡುಗಳು ಹೋಗುತ್ತವೆ. ಅಷ್ಟರಲ್ಲಿ ದೀಪಗಳೆಲ್ಲ ಮಂಕಾಗಿ ಜನರೇಟರಿನ ವೋಲ್ಟೇಜ್ ಕುಸಿದು ಇಡೀ ಕಟ್ಟಡ ಕತ್ತಲಾಗಬಹುದು. ಟ್ರಿಪ್ ಆದ ಫೀಡರ್ ಯಾವುದೂ ಕಾಣದೆ ಜನರೇಟರ್ ಮಾತ್ರ ನಿಂತುಹೋಗುತ್ತದೆ ಎಂಬ ದೂರು ಬಂದರೆ ಇದನ್ನೇ ಮೊದಲು ಪರೀಕ್ಷಿಸಿ. ತಕ್ಷಣದ ಟ್ರಿಪ್ಪನ್ನು ಐದು ಪಟ್ಟಿಗೆ ಇಳಿಸಿದರೆ 625. ಆಗ 1100 ಅದನ್ನು ಮೀರುತ್ತದೆ. ಮಹಡಿಯಲ್ಲಿ ದೊಡ್ಡ ಮೋಟಾರ್ ಇದ್ದರೆ ಅದು ಸ್ಟಾರ್ಟ್ ಆಗುವಾಗಿನ ಕರೆಂಟು 625 ದಾಟುವುದಿಲ್ಲ ಎಂದು ನೋಡಿಕೊಂಡೇ ಇಳಿಸಬೇಕು.

ಅರ್ತ್ ಗುರುತು ಮತ್ತು ಸಿಡಿಲು

ಕೆಳಕ್ಕೆ ಹೋದಂತೆ ಚಿಕ್ಕದಾಗುವ ಮೂರು ಗೆರೆಗಳು ಅರ್ತ್. ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲಿಗೆ ಎರಡು, ಅದರ ಬಾಡಿಗೆ ಬೇರೆ ಎರಡು ಸಂಪರ್ಕ ತೋರಿಸಿದೆಯೇ ಎಂದು ಎಣಿಸಿ. ನಕ್ಷೆಯಲ್ಲಿ ಒಂದು ಓಮ್ ಎಂದು ಬರೆದಿರುವುದನ್ನು ನಮ್ಮ ಮುರಕಲ್ಲಿನ ನೆಲದಲ್ಲಿ ಸಾಧಿಸುವುದು ಕಷ್ಟ, ಒಂದೆರಡು ಎಲೆಕ್ಟ್ರೋಡಿಗೆ ಬಗ್ಗುವ ಮಾತಲ್ಲ. ಜುಲೈಯಲ್ಲಿ ನೆಲ ನೆನೆದಿರುವಾಗ ಅಳೆದು ಸರಿ ಎಂದು ಬರೆದ ಅಂಕಿಯನ್ನು ನಂಬಬೇಡಿ. ಏಪ್ರಿಲಿನಲ್ಲಿ ಒಣಗಿದ ಮೇಲೆ ಮತ್ತೆ ಅಳೆಯಿರಿ.

ತುಲಾ ಮಾಸದ ಗುಡುಗು ಮಳೆ ನೋಡಿದವರಿಗೆ ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ, ಎಸ್‌ಪಿಡಿ ಎಂದು ಬರೆದ ಆಯತ ಏಕೆ ಬೇಕೆಂದು ಹೇಳಬೇಕಾಗಿಲ್ಲ. ಮುಖ್ಯ ಪ್ಯಾನೆಲಿನಲ್ಲಿ ಟೈಪ್ 1, ಮಹಡಿಯ ಡಿಬಿಯಲ್ಲಿ ಟೈಪ್ 2 ಇರಬೇಕು. ನಕ್ಷೆ ಹೇಳದ ಒಂದು ಮಿತಿಯಿದೆ: ಎಸ್‌ಪಿಡಿಗೆ ಹೋಗಿ ಬರುವ ವೈರಿನ ಒಟ್ಟು ಉದ್ದ ಅರ್ಧ ಮೀಟರಿನೊಳಗೆ ಇರಬೇಕು. ಉದ್ದವಾದರೆ ಸಿಡಿಲಿನ ಕರೆಂಟು ಆ ವೈರಿನಲ್ಲೇ ವೋಲ್ಟೇಜ್ ಎಬ್ಬಿಸಿ ಎಸಿಯ ಬೋರ್ಡನ್ನು ಸುಡುತ್ತದೆ.

ನಕ್ಷೆ ಹಿಡಿದು ಪ್ಯಾನೆಲಿನ ಮುಂದೆ

ಕೊನೆಗೆ ಕಾಗದವನ್ನು ಕೈಯಲ್ಲಿ ಹಿಡಿದು ಪ್ಯಾನೆಲ್ ಕೋಣೆಗೆ ಹೋಗಿ. ಟ್ರಾನ್ಸ್‌ಫಾರ್ಮರಿನ ನಾಮಫಲಕದಲ್ಲಿ ಇಂಪಿಡೆನ್ಸ್ ನಿಜವಾಗಿ 4.5 ಇದೆಯೇ, ಕೇಬಲಿನ ಹೊದಿಕೆಯ ಮೇಲೆ ಅಚ್ಚಾಗಿರುವ ಗಾತ್ರ 35 ಹೌದೇ, ಎಂಸಿಸಿಬಿಯ ಎರಡು ಡಯಲುಗಳು ಎಲ್ಲಿ ನಿಂತಿವೆ ಎಂದು ನೋಡಿ. ಇವಕ್ಕೆ ಪ್ಯಾನೆಲಿನ ಒಳಗೆ ಕೈ ಹಾಕಬೇಕಾಗಿಲ್ಲ. ಕವರ್ ತೆಗೆಯದೆ ಕಾಣದಿದ್ದರೆ ಸಪ್ಲೈ ಕತ್ತರಿಸಿ, ಬೀಗ ಹಾಕಿ, ಕರೆಂಟು ಇಲ್ಲವೆಂದು ಪರೀಕ್ಷಿಸಿದ ನಂತರವೇ ಲೈಸೆನ್ಸ್ ಇರುವವರು ತೆರೆಯಲಿ. ಆಮೇಲೆ ನಕ್ಷೆಯ ಮೇಲೆ ಸಭಾಂಗಣದ ಫೀಡರಿನ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದು, ದಿನಾಂಕ ಹಾಕಿ, ಕನ್ಸಲ್ಟೆಂಟರಿಗೆ ಕಳಿಸಿ: ಕೇಬಲ್ ಶಾಫ್ಟಿನಲ್ಲಿ 92 ಆಂಪಿಯರ್, ಓವರ್‌ಲೋಡ್ ಸೆಟ್ಟಿಂಗ್ 0.7, ತಕ್ಷಣದ ಟ್ರಿಪ್ 5 ಪಟ್ಟು, ಡಿಬಿಯಲ್ಲಿ ಶಾರ್ಟ್ ಕರೆಂಟು ಗ್ರಿಡ್‌ನಿಂದ 3.5 ಕಿಲೋ ಆಂಪಿಯರ್, ಜನರೇಟರಿನಿಂದ 1.1. ಮುಂದಿನ ಪರಿಷ್ಕರಣೆಯಲ್ಲಿ ಈ ಸಾಲು ಅಚ್ಚಾಗಿ ಬರುವವರೆಗೆ ಬಿಡಬೇಡಿ.